ಸೂಜಿ ಚುಚ್ಚಿಸಿಕೊಂಡವರು ಯಾರು: ಮಂಗನ ಕಾಯಿಲೆ ಲಸಿಕೆಯ ಅಧ್ಯಯನಗಳಲ್ಲಿ ಕನ್‌ಫೌಂಡಿಂಗ್ ಮತ್ತು ಆಯ್ಕೆ ದೋಷ

ಒಂದು ಔಷಧವನ್ನೋ ಲಸಿಕೆಯನ್ನೋ ಪಡೆದವರಲ್ಲಿ ಎಷ್ಟು ಮಂದಿಗೆ ರೋಗ ಬಂತು, ಪಡೆಯದವರಲ್ಲಿ ಎಷ್ಟು ಮಂದಿಗೆ ಬಂತು ಎಂದು ಹೋಲಿಸುವುದು ವೀಕ್ಷಣಾ ಅಧ್ಯಯನದ ತಿರುಳು. ಇಲ್ಲಿ ಯಾರಿಗೆ ಔಷಧ ಸಿಗಬೇಕು ಎಂಬುದನ್ನು ಸಂಶೋಧಕರು ಚೀಟಿ ಎತ್ತಿ ತೀರ್ಮಾನಿಸಿರುವುದಿಲ್ಲ. ಅದನ್ನು ಊರು, ಕಸುಬು, ವಯಸ್ಸು, ಆರೋಗ್ಯ, ಅಂಜಿಕೆ, ಸಿಬ್ಬಂದಿಯ ಓಡಾಟ ಇವೆಲ್ಲ ಸೇರಿ ತೀರ್ಮಾನಿಸಿರುತ್ತವೆ. ಅದೇ ಸಂಗತಿಗಳು ರೋಗ ಯಾರಿಗೆ ಬರುತ್ತದೆ ಎಂಬುದನ್ನೂ ನಿರ್ಧರಿಸುತ್ತಿದ್ದರೆ ಔಷಧದ ಪರಿಣಾಮ ಮತ್ತು ಆ ಸಂಗತಿಗಳ ಪರಿಣಾಮ ಒಂದರೊಳಗೊಂದು ಬೆರೆತುಹೋಗುತ್ತವೆ. ಇದಕ್ಕೆ ಕನ್‌ಫೌಂಡಿಂಗ್ ಎನ್ನುತ್ತಾರೆ. ಆಯ್ಕೆ ದೋಷದ ದಾರಿ ಬೇರೆ. ಲೆಕ್ಕದೊಳಗೆ ಯಾರು ಬಂದರು, ಯಾರು ಹೊರಗುಳಿದರು, ಯಾರು ನಡುವೆ ಜಾರಿಹೋದರು ಎಂಬುದೇ ಔಷಧಕ್ಕೂ ರೋಗಕ್ಕೂ ತಳುಕು ಹಾಕಿಕೊಂಡಿದ್ದಾಗ ಅದು ಹುಟ್ಟುತ್ತದೆ. ಕನ್‌ಫೌಂಡಿಂಗ್ ಜನರ ಬದುಕಿನಲ್ಲೇ ಇರುತ್ತದೆ. ಆಯ್ಕೆ ದೋಷ ಬಹುಮಟ್ಟಿಗೆ ಎಣಿಕೆಯ ವಿಧಾನದಿಂದ ಬರುತ್ತದೆ.

ಎರಡನ್ನೂ ಒಂದೇ ಕಡೆ ಕಾಣಲು ಉತ್ತರ ಕನ್ನಡ ಮತ್ತು ಶಿವಮೊಗ್ಗ ಸೀಮೆಗಳಿಗೆ ತೀರ ಪರಿಚಿತವಾದ ಮಂಗನ ಕಾಯಿಲೆಯ ಲಸಿಕೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ವೈರಸ್ ರೋಗ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಚಳಿಗಾಲದಲ್ಲಿ ಶುರುವಾಗಿ ಬೇಸಗೆಯವರೆಗೆ ಅದರ ಹಾವಳಿ. ಇದರ ವಿರುದ್ಧ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್‌ನ ಲಸಿಕೆಯನ್ನು ಕರ್ನಾಟಕದಲ್ಲಿ ದಶಕಗಳ ಕಾಲ ಕೊಡಲಾಯಿತು. ನಿಯಮ ಹೀಗಿತ್ತು: ಮನುಷ್ಯರಲ್ಲಿ, ಸತ್ತ ಮಂಗಗಳಲ್ಲಿ ಅಥವಾ ಉಣ್ಣೆಗಳಲ್ಲಿ ವೈರಸ್ ಕಂಡುಬಂದ ಜಾಗದಲ್ಲೂ ಅದರ ಸುತ್ತಲಿನ 5 ಕಿಲೋಮೀಟರ್ ಹಳ್ಳಿಗಳಲ್ಲೂ 7ರಿಂದ 65 ವರ್ಷದವರಿಗೆ ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಮತ್ತಷ್ಟು ಬೂಸ್ಟರ್.

1990–92ರಲ್ಲಿ ರಾಜ್ಯದ ಮೂರು ಜಿಲ್ಲೆಗಳಲ್ಲಿ ನಡೆದ ಕ್ಷೇತ್ರ ಮೌಲ್ಯಮಾಪನ, ಒಂದು ಡೋಸ್‌ಗೆ ಶೇ 79.3 ಮತ್ತು ಎರಡು ಡೋಸ್‌ಗೆ ಶೇ 93.5 ರಕ್ಷಣೆ ಇದೆ ಎಂದು ಹೇಳಿತು. 2005ರಿಂದ 2010ರವರೆಗಿನ ದಾಖಲೆಗಳನ್ನು ಆಧರಿಸಿ 2013ರಲ್ಲಿ ‘ಪಿಎಲ್‌ಓಎಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸ್‌ನ ರಕ್ಷಣೆ ಶೇ 62.4ಕ್ಕೆ ಇಳಿದಿತ್ತು, ಬೂಸ್ಟರ್ ಕೂಡ ಪಡೆದವರಲ್ಲಿ ಅದು ಶೇ 82.9. ಒಂದೇ ಡೋಸ್‌ನಿಂದ ಪ್ರಯೋಜನ ಕಾಣಲಿಲ್ಲ. ಈ ಅಂಕಿಗಳನ್ನು ಓದುವವರು ಲಸಿಕೆಯ ಬಲವೆಷ್ಟು ಎಂದು ತಕ್ಷಣ ಕೇಳುತ್ತಾರೆ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ. ಯಾರನ್ನು ಯಾರೊಂದಿಗೆ ಹೋಲಿಸಲಾಗಿದೆ?

ಎರಡನೆಯ ಅಧ್ಯಯನದ ಒಂದು ಅಂಕಿಯಿಂದಲೇ ಶುರುಮಾಡಬಹುದು. ಆ ವರ್ಷಗಳಲ್ಲಿ ಕಾಯಿಲೆ ಬಂದ 168 ಜನರಲ್ಲಿ 134 ಮಂದಿ, ಅಂದರೆ ಸುಮಾರು ಶೇ 80, ಲಸಿಕೆಯನ್ನೇ ಪಡೆದಿರಲಿಲ್ಲ. ಇಂಥ ವಾಕ್ಯ ಪತ್ರಿಕೆಗಳಲ್ಲಿ ಲಸಿಕೆಯ ಗೆಲುವಾಗಿ ಅಚ್ಚಾಗುತ್ತದೆ. ಆದರೆ ಆ ಊರುಗಳಲ್ಲಿ ಒಟ್ಟಾರೆ ಶೇ 80 ಜನ ಲಸಿಕೆ ಪಡೆಯದೇ ಇದ್ದಿದ್ದರೆ, ರೋಗಿಗಳಲ್ಲೂ ಅದೇ ಪ್ರಮಾಣ ಇರುವುದು ಸಹಜ. ಲಸಿಕೆಗೆ ಏನೂ ಬಲವಿಲ್ಲ ಎಂದೇ ಅರ್ಥವಾಗುತ್ತಿತ್ತು. ಲಸಿಕೆ ಪಡೆಯದವರು ಶೇ 50 ಮಾತ್ರ ಇದ್ದಿದ್ದರೆ ಅದೇ ಅಂಕಿ ಒಳ್ಳೆಯ ರಕ್ಷಣೆಯನ್ನು ಸೂಚಿಸುತ್ತಿತ್ತು. ಹೀಗಾಗಿ ರೋಗಿಗಳ ಎಣಿಕೆಯ ಕೆಳಗೆ ಛೇದವಾಗಿ ನಿಲ್ಲುವ ಜನ ಯಾರು, ಅವರನ್ನು ಎಲ್ಲಿಂದ ಎಣಿಸಿದರು ಎಂಬುದನ್ನು ಹುಡುಕುವುದು ವಿಮರ್ಶೆಯ ಮೊದಲ ಹೆಜ್ಜೆ. ಲಸಿಕೆಯವರ ಸಂಖ್ಯೆ ಲಸಿಕಾ ರಿಜಿಸ್ಟರಿನಿಂದಲೂ ಲಸಿಕೆಯಿಲ್ಲದವರ ಸಂಖ್ಯೆ ಜನಗಣತಿಯಿಂದ ಕಳೆದೂ ಬಂದಿದ್ದರೆ ಊರು ಬಿಟ್ಟು ಬೆಂಗಳೂರು, ಮುಂಬಯಿ, ಗಲ್ಫ್ ಸೇರಿದವರೆಲ್ಲ ಲಸಿಕೆಯಿಲ್ಲದವರ ಪಟ್ಟಿಯಲ್ಲಿ ಉಳಿದುಬಿಡುತ್ತಾರೆ. ಅವರಿಗೆ ಇಲ್ಲಿನ ಉಣ್ಣೆ ಕಚ್ಚುವ ಸಂಭವವೇ ಇಲ್ಲ. ಲಸಿಕೆಯಿಲ್ಲದವರ ರೋಗದ ದರ ಇದರಿಂದ ಸುಳ್ಳಾಗಿ ಇಳಿಯುತ್ತದೆ, ಲಸಿಕೆಯ ಬಲ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಕನ್‌ಫೌಂಡಿಂಗ್ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕುಮಟಾ ತಾಲ್ಲೂಕಿನ ಭೂಗೋಳವೇ ಸಾಕು. ಪಶ್ಚಿಮಕ್ಕೆ ಹೆದ್ದಾರಿಯ ಬದಿಯಲ್ಲಿ, ಕಡಲಿಗೆ ತಾಗಿಕೊಂಡು ಧಾರೇಶ್ವರದಂಥ ಊರುಗಳಿವೆ. ಪೂರ್ವಕ್ಕೆ ಸರಿದಂತೆ ಘಟ್ಟದ ಬುಡ, ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಅದರಾಚೆ ದಟ್ಟ ಕಾಡು. ಮೀನುಗಾರಿಕೆ, ಗದ್ದೆ, ಅಂಗಡಿ ನಂಬಿದ ಕರಾವಳಿಯವರಿಗಿಂತ ದರಕು ಗುಡಿಸಲು, ಸೊಪ್ಪು ಕಡಿಯಲು, ಸೌದೆ ತರಲು ಬೆಟ್ಟಕ್ಕೆ ಹೋಗುವವರಿಗೆ ಉಣ್ಣೆಯ ಸಹವಾಸ ಬಹಳ ಹೆಚ್ಚು. ಲಸಿಕೆಯ 5 ಕಿಲೋಮೀಟರ್ ನಿಯಮ ಸೂಜಿಯನ್ನು ಒಯ್ಯುತ್ತಿದ್ದುದೂ ಅಪಾಯವಿರುವ ಆ ಜಾಗಕ್ಕೇ. ಅಂದರೆ ಕಾಡಿನ ಸಾಮೀಪ್ಯ ಲಸಿಕೆಯನ್ನೂ ಹೆಚ್ಚಿಸುತ್ತದೆ, ರೋಗವನ್ನೂ ಹೆಚ್ಚಿಸುತ್ತದೆ.

ಇದನ್ನು ಕಲ್ಪಿತ ಅಂಕಿಗಳಲ್ಲಿ ಬಿಡಿಸಿ ನೋಡಬಹುದು. ಘಟ್ಟದ ಬುಡದ ಹಳ್ಳಿಗಳಲ್ಲಿ 4,000 ಜನ ಲಸಿಕೆ ಪಡೆದಿದ್ದಾರೆ, 2,000 ಜನ ಪಡೆದಿಲ್ಲ ಎಂದಿಟ್ಟುಕೊಳ್ಳೋಣ. ಪಡೆಯದವರಲ್ಲಿ 20 ಮಂದಿಗೆ ಕಾಯಿಲೆ ಬಂತು, ಅಂದರೆ ಸಾವಿರಕ್ಕೆ 10. ಪಡೆದವರಲ್ಲಿ 16 ಮಂದಿಗೆ, ಅಂದರೆ ಸಾವಿರಕ್ಕೆ 4. ಕರಾವಳಿಯ ಅಂಚಿನಲ್ಲಿ 2,500 ಜನ ಲಸಿಕೆ ಪಡೆದು ಅವರಲ್ಲಿ ಒಬ್ಬರಿಗೆ ಕಾಯಿಲೆ. ಪಡೆಯದ 10,000 ಜನರಲ್ಲಿ 10 ಮಂದಿಗೆ. ಇಲ್ಲಿ ದರ ಸಾವಿರಕ್ಕೆ 0.4 ಮತ್ತು 1. ಎರಡೂ ಕಡೆ ಲಸಿಕೆ ರೋಗವನ್ನು ಶೇ 60ರಷ್ಟು ತಗ್ಗಿಸಿದೆ. ಈಗ ತಾಲ್ಲೂಕನ್ನು ಒಟ್ಟುಗೂಡಿಸಿದರೆ ಲಸಿಕೆ ಪಡೆದ 6,500 ಜನರಲ್ಲಿ 17 ರೋಗಿಗಳು, ಪಡೆಯದ 12,000 ಜನರಲ್ಲಿ 30. ದರ ಸಾವಿರಕ್ಕೆ 2.6 ಮತ್ತು 2.5. ಎರಡು ಕಡೆಯೂ ಕೆಲಸ ಮಾಡಿದ ಲಸಿಕೆ ಒಟ್ಟು ಲೆಕ್ಕದಲ್ಲಿ ನಿಷ್ಪ್ರಯೋಜಕವಾಗಿ ಕಾಣುತ್ತದೆ. ಎಲ್ಲೂ ಎಣಿಕೆ ತಪ್ಪಿಲ್ಲ, ಯಾರೂ ಅಂಕಿ ತಿದ್ದಿಲ್ಲ. ಲಸಿಕೆ ಪಡೆದವರ ಗುಂಪಿನಲ್ಲಿ ಘಟ್ಟದ ಬುಡದವರು ಹೆಚ್ಚು, ಪಡೆಯದವರ ಗುಂಪಿನಲ್ಲಿ ಕರಾವಳಿಯವರು ಹೆಚ್ಚು ಎಂಬುದಷ್ಟೇ ಇದಕ್ಕೆ ಕಾರಣ.

ಇದನ್ನು ಪತ್ತೆಹಚ್ಚಲು ಪ್ರಬಂಧದ ಮೊದಲ ಕೋಷ್ಟಕವನ್ನು ನೋಡಬೇಕು. ಅಲ್ಲಿ ಎರಡು ಗುಂಪುಗಳ ವಯಸ್ಸು, ಲಿಂಗ, ಊರು, ಕಸುಬು ಅಕ್ಕಪಕ್ಕದಲ್ಲಿ ಕೊಟ್ಟಿರುತ್ತಾರೆ. ಯಾವುದರಲ್ಲಿ ವ್ಯತ್ಯಾಸ ಹೆಚ್ಚಿದೆಯೋ ಅದು ರೋಗಕ್ಕೂ ಕಾರಣವೇ ಎಂದು ಕೇಳಿಕೊಳ್ಳಬೇಕು. ಆಮೇಲೆ ಹೊಂದಾಣಿಕೆಗೆ ಮುಂಚಿನ ಅಂಕಿಯನ್ನೂ ನಂತರದ ಅಂಕಿಯನ್ನೂ ಹೋಲಿಸಬೇಕು. ಮೇಲಿನ ಉದಾಹರಣೆಯಲ್ಲಿ ಊರಿನ ಪ್ರಕಾರ ವಿಂಗಡಿಸಿದ ಕೂಡಲೇ ಸೊನ್ನೆಯ ಆಸುಪಾಸಿನಿಂದ ಶೇ 60ಕ್ಕೆ ನೆಗೆತ ಕಾಣುತ್ತದೆ. ಇಷ್ಟು ದೊಡ್ಡ ನೆಗೆತ ಕಂಡರೆ, ಅಳೆದ ಒಂದು ಸಂಗತಿಯೇ ಇಷ್ಟು ಬೆರಕೆ ಮಾಡಿದ್ದಾಗ ಅಳೆಯದವು ಎಷ್ಟು ಮಾಡಿರಬಹುದು ಎಂಬ ಅನುಮಾನ ನ್ಯಾಯವಾದದ್ದು.

ವಯಸ್ಸು ಅಂಥದೇ ಇನ್ನೊಂದು ಸಂಗತಿ. 2011ರ ಡಿಸೆಂಬರ್‌ನಿಂದ 2012ರ ಮಾರ್ಚ್‌ವರೆಗಿನ ಹಾವಳಿಯ ತನಿಖೆಯಲ್ಲಿ 14 ವರ್ಷ ದಾಟಿದ ಗಂಡಸರೇ ಹೆಚ್ಚಾಗಿ ಕಾಯಿಲೆಗೆ ತುತ್ತಾಗಿದ್ದು ಕಂಡಿತು. 7 ವರ್ಷದ ಒಳಗಿನ ಮಕ್ಕಳಿಗೆ ಲಸಿಕೆಯೂ ಇರಲಿಲ್ಲ, ಅವರು ಕಾಡಿಗೆ ಹೋಗುವುದೂ ಅಪರೂಪ. ಅವರನ್ನೆಲ್ಲ ‘ಲಸಿಕೆ ಪಡೆಯದವರು’ ಎಂದು ಎಣಿಸಿದರೆ ಆ ಗುಂಪಿನ ದರ ಇಳಿದು ಲಸಿಕೆಗೆ ಅನ್ಯಾಯವಾಗುತ್ತದೆ. ಲಸಿಕೆಗೆ ಅರ್ಹರಾದ ವಯಸ್ಸಿನವರನ್ನು ಮಾತ್ರ ಹೋಲಿಸಿದ್ದಾರೆಯೇ ಎಂದು ವಿಧಾನದ ಭಾಗದಲ್ಲಿ ನೋಡಿದರೆ ತಿಳಿಯುತ್ತದೆ.

ಇಲ್ಲಿಯವರೆಗಿನ ಬೆರಕೆ ಲಸಿಕೆಯನ್ನು ಕೆಳಗೆ ಎಳೆಯುವಂಥದು. ಅದೇ ಹಳ್ಳಿಯೊಳಗೆ ಇಳಿದರೆ ದಿಕ್ಕು ತಿರುಗಿಬಿಡುತ್ತದೆ, ಮತ್ತು ಕಷ್ಟವಾದ ಭಾಗ ಇದೇ. ಲಸಿಕೆಯ ತಂಡ ಹಗಲು ಹೊತ್ತಿನಲ್ಲಿ ಶಾಲೆಯಲ್ಲೋ ಅಂಗನವಾಡಿಯಲ್ಲೋ ಕೂರುತ್ತದೆ ಎನ್ನೋಣ. ಮನೆಯಲ್ಲಿರುವವರು, ಶಾಲೆಯ ಮಕ್ಕಳು ಬರುತ್ತಾರೆ. ದಿನಗೂಲಿಗೆ ಹೋದವರು, ಬೆಟ್ಟದಲ್ಲಿ ಸೊಪ್ಪು ಕಡಿಯುತ್ತಿರುವವರು ಬರುವುದಿಲ್ಲ. ಸೂಜಿಯ ನೋವಿನ ಹೆದರಿಕೆಯಿಂದ ಜನ ಹಿಂದೆ ಸರಿದದ್ದೂ ಈ ಲಸಿಕೆಯ ಮಟ್ಟಿಗೆ ಗೊತ್ತಿರುವ ಸಂಗತಿ. ಒಂದು ದಿನದ ಕೂಲಿ ಕಳೆದುಕೊಳ್ಳಲಾಗದವರು ತೋಳು ನೋಯುವ ಸೂಜಿಗೆ ಹಿಂಜರಿದರೆ ಆಶ್ಚರ್ಯವಿಲ್ಲ. ಬಂದವರಲ್ಲಿ ಜಾಗ್ರತೆಯ ಸ್ವಭಾವದವರೇ ಹೆಚ್ಚಿರಬಹುದು. ಅವರೇ ಕಾಡಿಗೆ ಹೋಗುವ ಮುನ್ನ ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುವವರು, ಬಂದ ಮೇಲೆ ಬಿಸಿನೀರು ಮಿಂದು ಬಟ್ಟೆ ಒಗೆಯುವವರು. ಹೀಗಾದಾಗ ಲಸಿಕೆಯ ಗುಂಪಿನಲ್ಲಿ ರೋಗ ಕಡಿಮೆ ಇದ್ದರೆ ಅದರ ಒಂದು ಪಾಲು ಎಣ್ಣೆಗೂ ಬಿಸಿನೀರಿಗೂ ಮನೆಯಲ್ಲೇ ಉಳಿದದ್ದಕ್ಕೂ ಸಲ್ಲಬೇಕು. ಊರಿನ ಹೆಸರು ದಾಖಲೆಯಲ್ಲಿರುತ್ತದೆ, ವಾರಕ್ಕೆ ಎಷ್ಟು ಸಲ ಬೆಟ್ಟ ಹತ್ತಿದರು ಎಂಬುದು ಇರುವುದಿಲ್ಲ. ಎಷ್ಟೇ ಸೊಗಸಾದ ಗಣಿತದ ಮಾದರಿ ಬಳಸಿದರೂ ಅಳೆಯದ್ದಕ್ಕೆ ಹೊಂದಾಣಿಕೆ ಮಾಡಲಾಗದು.

ಅಳೆಯದ ಸಂಗತಿ ಎಷ್ಟು ಬಲವಾಗಿದ್ದರೆ ಫಲಿತಾಂಶವನ್ನು ಕೆಡಿಸಬಲ್ಲದು ಎಂದು ಅಂದಾಜು ಮಾಡಲು 2017ರಲ್ಲಿ ವ್ಯಾಂಡರ್‌ವೀಲ್ ಮತ್ತು ಡಿಂಗ್ ‘ಇ-ವ್ಯಾಲ್ಯೂ’ ಎಂಬ ಅಳತೆಯನ್ನು ಮುಂದಿಟ್ಟರು. ಶೇ 62.4 ರಕ್ಷಣೆ ಎಂದರೆ ಲಸಿಕೆ ಪಡೆದವರ ಅಪಾಯ ಪಡೆಯದವರ 0.376 ಪಟ್ಟು. ಅದನ್ನು ತಿರುಗಿಸಿದರೆ 2.66, ಇದಕ್ಕೆ, 2.66ನ್ನು 1.66ರಿಂದ ಗುಣಿಸಿ ತೆಗೆದ ವರ್ಗಮೂಲವನ್ನು ಕೂಡಿದರೆ ಸುಮಾರು 4.8 ಬರುತ್ತದೆ. ಅಂದರೆ ಲಸಿಕೆ ಪಡೆಯುವುದಕ್ಕೂ ರೋಗಕ್ಕೂ ತಲಾ 4.8 ಪಟ್ಟು ನಂಟಿರುವ ಗುಪ್ತ ಸಂಗತಿಯೊಂದು ಇದ್ದರೆ ಮಾತ್ರ ಈ ಇಡೀ ರಕ್ಷಣೆ ಭ್ರಮೆಯಾಗಬಹುದು. ಅಷ್ಟು ಬಲವಾದದ್ದು ಸುಲಭವಾಗಿ ಸಿಗದು. ಆದರೆ ಆ ಅಧ್ಯಯನದಲ್ಲಿ ಎರಡು ಡೋಸ್ ಪಡೆದ ರೋಗಿಗಳು ಕೇವಲ 13 ಮಂದಿ. ಹಾಗಾಗಿ ಅಂಕಿಯ ಶೇ 95 ವಿಶ್ವಾಸದ ವ್ಯಾಪ್ತಿ ಶೇ 26.1ರಿಂದ 80.8ರವರೆಗೆ ಹರಡಿದೆ. ಕೆಳಗಿನ ಅಂಚಾದ 26.1ಕ್ಕೆ ಅದೇ ಲೆಕ್ಕ ಹಾಕಿದರೆ ಇ-ವ್ಯಾಲ್ಯೂ 2ರ ಹತ್ತಿರಕ್ಕೆ ಬರುತ್ತದೆ. ಕಾಡಿಗೆ ಹೋಗುವವರಿಗೂ ಹೋಗದವರಿಗೂ ರೋಗದ ಅಪಾಯದಲ್ಲಿ ಎರಡು ಪಟ್ಟು ವ್ಯತ್ಯಾಸ ಇರುವುದು ಏನೂ ಅಸಾಧ್ಯವಲ್ಲ. ಸೂಜಿಗೆ ಬರುವುದರಲ್ಲಿಯೂ ಅವರ ನಡುವೆ ಅಷ್ಟೇ ವ್ಯತ್ಯಾಸವಿದ್ದರೆ ಆ ಅಂಚು ಬಹುತೇಕ ಅಳಿಸಿಹೋಗಬಹುದು.

ಆಯ್ಕೆ ದೋಷದ ಅತ್ಯಂತ ಮೋಸದ ರೂಪ ಡೋಸ್‌ಗಳ ನಡುವಿನ ಕಾಲದಲ್ಲಿ ಅಡಗಿರುತ್ತದೆ. ಎರಡನೆಯ ಡೋಸ್ ಪಡೆಯಬೇಕಾದರೆ ಮೊದಲ ಡೋಸ್ ಆದ ಮೇಲೆ ಒಂದು ತಿಂಗಳು ಕಾಯಿಲೆ ಬೀಳದೆ ಇರಬೇಕು. ಆ ತಿಂಗಳಲ್ಲಿ ಕಾಯಿಲೆ ಬಿದ್ದವರು ‘ಒಂದು ಡೋಸ್‌ನವರು’ ಎಂಬ ಪಟ್ಟಿಯಲ್ಲೇ ಶಾಶ್ವತವಾಗಿ ಉಳಿಯುತ್ತಾರೆ. ಇದರ ಪರಿಣಾಮ ತಿಳಿಯಲು, ಸೂಜಿಯಲ್ಲಿ ಬರೀ ನೀರಿದೆ ಎಂದು ಭಾವಿಸಿ ಲೆಕ್ಕ ಹಾಕಬೇಕು. ಹಾವಳಿಯ ಮೂರು ತಿಂಗಳಲ್ಲಿ ಪ್ರತಿ ತಿಂಗಳೂ ಸಾವಿರಕ್ಕೆ 6 ಮಂದಿಗೆ ಕಾಯಿಲೆ ಬರುತ್ತದೆ. ಸಾವಿರ ಜನ ಮೊದಲ ಸೂಜಿ ಪಡೆದರು. ಮೊದಲ ತಿಂಗಳಲ್ಲಿ 6 ಮಂದಿ ಮಲಗಿದರು. ಉಳಿದವರಲ್ಲಿ 900 ಜನ ಎರಡನೆಯ ಸೂಜಿಗೆ ಬಂದರು, 94 ಜನ ಬರಲಿಲ್ಲ. ಮುಂದಿನ ಎರಡು ತಿಂಗಳಲ್ಲಿ ಆ 900ರಲ್ಲಿ ಸುಮಾರು 11 ಮಂದಿಗೆ, ಈ 94ರಲ್ಲಿ ಸುಮಾರು ಒಬ್ಬರಿಗೆ ಕಾಯಿಲೆ. ಋತು ಮುಗಿದ ಮೇಲೆ ರಿಜಿಸ್ಟರ್ ತೆರೆದು ಎಣಿಸಿದರೆ ಒಂದು ಡೋಸ್‌ನ 100 ಜನರಲ್ಲಿ 7 ರೋಗಿಗಳು, ಎರಡು ಡೋಸ್‌ನ 900 ಜನರಲ್ಲಿ 11. ಸಾವಿರಕ್ಕೆ 70 ಮತ್ತು 12. ಬರೀ ನೀರು ಶೇ 83 ರಕ್ಷಣೆ ಕೊಟ್ಟಂತೆ ಕಾಣುತ್ತದೆ! ಏನನ್ನೂ ಪಡೆಯದವರಲ್ಲಿ ಮೂರು ತಿಂಗಳಿಗೆ ಸಾವಿರಕ್ಕೆ 18 ಆಗಿರುತ್ತದೆ. ಅವರೊಂದಿಗೆ ಹೋಲಿಸಿದರೂ ನೀರಿಗೆ ಶೇ 32ರಷ್ಟು ಬಲ ಬರುತ್ತದೆ. ಒಂದು ಡೋಸ್ ಮಾತ್ರ ಅಪಾಯಕಾರಿಯಂತೆ ತೋರುತ್ತದೆ.

ಈ ದೋಷವನ್ನು ತಪ್ಪಿಸುವ ವಿಧಾನ ಸರಳ. ಪ್ರತಿಯೊಬ್ಬರ ಕಾಲವನ್ನು ತುಂಡು ಮಾಡಿ ಎಣಿಸಬೇಕು: ಮೊದಲ ಸೂಜಿಗೆ ಮುಂಚಿನ ದಿನಗಳು ಲಸಿಕೆಯಿಲ್ಲದ ಗುಂಪಿಗೆ, ನಡುವಿನ ತಿಂಗಳು ಒಂದು ಡೋಸ್ ಗುಂಪಿಗೆ, ಆಮೇಲಿನದು ಎರಡು ಡೋಸ್ ಗುಂಪಿಗೆ. ಒಬ್ಬರೇ ವ್ಯಕ್ತಿ ಮೂರು ಗುಂಪಿಗೂ ಒಂದಷ್ಟು ದಿನ ಸಲ್ಲಿಸುತ್ತಾರೆ. ಹಾಗೆ ಎಣಿಸಿದರೆ ಮೇಲಿನ ನೀರಿನ ಸೂಜಿ ಎಲ್ಲ ಗುಂಪಿನಲ್ಲೂ ತಿಂಗಳಿಗೆ ಸಾವಿರಕ್ಕೆ 6 ಎಂದೇ ತೋರಿಸಿ ತನ್ನ ನಿಜರೂಪಕ್ಕೆ ಬರುತ್ತದೆ. ಪ್ರಬಂಧವನ್ನು ಓದುವಾಗ ದರದ ಛೇದ ಜನರ ಸಂಖ್ಯೆಯೋ ಅಥವಾ ಜನ ಮತ್ತು ಕಾಲದ ಗುಣಲಬ್ಧವೋ ಎಂದು ನೋಡುವುದು ಇದಕ್ಕಾಗಿ. ಬೂಸ್ಟರ್‌ಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬೂಸ್ಟರ್‌ಗೆ ಬಂದವರು ಒಂದು ಋತುವನ್ನೋ ಅದಕ್ಕಿಂತ ಹೆಚ್ಚನ್ನೋ ಕಾಯಿಲೆಯಿಲ್ಲದೆ ದಾಟಿದವರು, ಊರು ಬಿಡದವರು, ಮೊದಲ ಎರಡು ಸೂಜಿಯ ನೋವನ್ನು ತಡೆದುಕೊಂಡು ಮತ್ತೆ ಬಂದವರು. ಅವರಲ್ಲಿ ಕೆಲವರಿಗೆ ಹಿಂದೆಯೇ ಸೋಂಕು ತಗುಲಿ ಸಹಜ ರೋಗನಿರೋಧಕತೆ ಬಂದಿರಲೂಬಹುದು. ಶೇ 82.9 ಎಂಬ ಅಂಕಿಯಲ್ಲಿ ಬೂಸ್ಟರಿನ ಪಾಲೆಷ್ಟು, ಹೀಗೆ ಜರಡಿ ಹಿಡಿದು ಉಳಿದವರ ಪಾಲೆಷ್ಟು ಎಂಬುದು ಆ ಅಂಕಿಯಿಂದ ಮಾತ್ರವೇ ತಿಳಿಯದು. ಇ-ವ್ಯಾಲ್ಯೂ ಕೂಡ ಇಲ್ಲಿ ನೆರವಿಗೆ ಬರುವುದಿಲ್ಲ. ಅದನ್ನು ಕನ್‌ಫೌಂಡಿಂಗ್‌ಗಾಗಿ ಕಟ್ಟಿದ್ದೇ ಹೊರತು ಈ ಬಗೆಯ ಸೋಸುವಿಕೆಗಾಗಿ ಅಲ್ಲ.

ರೋಗಿಗಳಿಂದ ಹಿಮ್ಮುಖವಾಗಿ ಹೊರಡುವ ಅಧ್ಯಯನದಲ್ಲಿ, ಅಂದರೆ ಕೇಸ್-ಕಂಟ್ರೋಲ್ ವಿಧಾನದಲ್ಲಿ, ಆಯ್ಕೆ ದೋಷ ಹೋಲಿಕೆಯ ಜನರನ್ನು ಆರಿಸುವಾಗ ನುಸುಳುತ್ತದೆ. ಹಿಂದಿನ ಕಲ್ಪಿತ ಅಂಕಿಗಳನ್ನೇ ಮತ್ತೆ ತೆಗೆದುಕೊಳ್ಳಬಹುದು. ಘಟ್ಟದ ಬುಡದ 36 ರೋಗಿಗಳಲ್ಲಿ 16 ಮಂದಿ ಲಸಿಕೆ ಪಡೆದವರು, 20 ಮಂದಿ ಪಡೆಯದವರು. ಇವರಿಗೆ ಹೋಲಿಕೆಯಾಗಿ ಅದೇ ಹಳ್ಳಿಗಳ ಆರೋಗ್ಯವಂತರನ್ನು ಆರಿಸಿದರೆ ಲಸಿಕೆ ಪಡೆದವರು ಮತ್ತು ಪಡೆಯದವರು ಎರಡಕ್ಕೆ ಒಂದರಂತೆ ಸಿಗುತ್ತಾರೆ. 16ನ್ನು 20ರಿಂದ ಭಾಗಿಸಿ ಬರುವ 0.8ನ್ನು 2ರಿಂದ ಭಾಗಿಸಿದರೆ 0.4, ನಿಜವಾದ ಉತ್ತರವೇ. ಆದರೆ ಸಂಶೋಧಕರು ಅನುಕೂಲಕ್ಕಾಗಿ ಪಟ್ಟಣದ ಆಸ್ಪತ್ರೆಯ ಹೊರರೋಗಿಗಳನ್ನು ಹೋಲಿಕೆಗೆ ಹಿಡಿದರೆ? ಅಲ್ಲಿ ಸರದಿಯಲ್ಲಿರುವವರು ಹೆಚ್ಚಾಗಿ ಧಾರೇಶ್ವರದ ಕಡೆಯವರು, ಹೆದ್ದಾರಿಯ ಆಚೀಚಿನವರು; ಅವರಲ್ಲಿ ಲಸಿಕೆ ಪಡೆಯದ ನಾಲ್ವರಿಗೆ ಪಡೆದವರು ಒಬ್ಬರಂತೆ ಮಾತ್ರ. 0.8ನ್ನು 0.25ರಿಂದ ಭಾಗಿಸಿದರೆ 3.2 ಬರುತ್ತದೆ. ಅಪಾಯವನ್ನು ಅರ್ಧಕ್ಕಿಂತ ಕೆಳಗಿಳಿಸಿದ ಲಸಿಕೆ ಅಪಾಯವನ್ನು ಮೂರು ಪಟ್ಟು ಮಾಡಿತು ಎಂಬ ತೀರ್ಮಾನಕ್ಕೆ ಇದು ಒಯ್ಯುತ್ತದೆ. ಇದನ್ನು ಪರೀಕ್ಷಿಸುವ ಪ್ರಶ್ನೆ ಒಂದೇ: ಹೋಲಿಕೆಯ ಈ ವ್ಯಕ್ತಿಗೆ ಮಂಗನ ಕಾಯಿಲೆ ಬಂದಿದ್ದರೆ, ಅವರು ಇದೇ ಅಧ್ಯಯನದಲ್ಲಿ ರೋಗಿಯಾಗಿ ದಾಖಲಾಗುತ್ತಿದ್ದರೇ? ಇಲ್ಲ ಎಂದಾದರೆ ಆಯ್ಕೆ ತಪ್ಪಿದೆ.

ಇದಕ್ಕೆ ಪರಿಹಾರವಾಗಿ ಈಚೆಗೆ ಬಳಕೆಗೆ ಬಂದ ವಿಧಾನದಲ್ಲಿ ಜ್ವರವೆಂದು ಬಂದು ರಕ್ತಪರೀಕ್ಷೆ ಮಾಡಿಸಿಕೊಂಡವರನ್ನೆಲ್ಲ ತೆಗೆದುಕೊಂಡು, ವೈರಸ್ ಸಿಕ್ಕವರನ್ನು ಸಿಗದವರೊಂದಿಗೆ ಹೋಲಿಸುತ್ತಾರೆ. 2011–12ರ ಹಾವಳಿಯಲ್ಲಿ ಸಂಶಯಿತರು 215 ಮಂದಿ; ಪ್ರಯೋಗಾಲಯದಲ್ಲಿ ದೃಢಪಟ್ಟವರು 61. ಉಳಿದ 154 ಜನರಂಥವರು ಇಲ್ಲಿ ಹೋಲಿಕೆಯ ಗುಂಪಾಗುತ್ತಾರೆ. ಆಸ್ಪತ್ರೆಗೆ ಬರುವ ಅಭ್ಯಾಸ ಇಬ್ಬರಲ್ಲೂ ಒಂದೇ ಆಗಿರುವುದು ಇದರ ಲಾಭ. ಆದರೆ ಲಸಿಕೆ ಆಗಿದೆ ಎಂದ ಕೂಡಲೇ ಇದು ಮಂಗನ ಕಾಯಿಲೆ ಇರಲಾರದೆಂದು ರಕ್ತದ ಮಾದರಿ ತೆಗೆಯದೆ ಕಳಿಸಿಬಿಟ್ಟರೆ, ಲಸಿಕೆ ಪಡೆದ ಬಹಳಷ್ಟು ರೋಗಿಗಳು ಲೆಕ್ಕಕ್ಕೇ ಸಿಗುವುದಿಲ್ಲ. ಲಸಿಕೆಯ ಸ್ಥಿತಿ ಕೇಳುವ ಮೊದಲೇ ಪರೀಕ್ಷೆಯ ತೀರ್ಮಾನ ಆಗಿತ್ತೇ ಎಂಬುದನ್ನು ಪ್ರಬಂಧ ಹೇಳಬೇಕು.

ಎರಡೂ ದೋಷಗಳನ್ನು ಒಮ್ಮೆಗೇ ಪರೀಕ್ಷಿಸುವ ಉಪಾಯವೊಂದಿದೆ, ಅದು ಸಿಗಬೇಕಾದಷ್ಟು ಗಮನ ಪಡೆದಿಲ್ಲ. ಮಂಗನ ಕಾಯಿಲೆಯ ಲಸಿಕೆ ತಡೆಯಲಾರದ, ಆದರೆ ಅದೇ ಬೆಟ್ಟ, ಅದೇ ಪೊದೆ, ಅದೇ ಕಸುಬಿನಿಂದ ಬರುವ ಇನ್ನೊಂದು ರೋಗವನ್ನು ಆರಿಸಿಕೊಂಡು ಅದೇ ಲೆಕ್ಕವನ್ನು ಮತ್ತೆ ಮಾಡಬೇಕು. ಚಿಗ್ಗರ್ ಎಂಬ ನುಸಿಮರಿಗಳಿಂದ ಹರಡುವ ಸ್ಕ್ರಬ್ ಟೈಫಸ್ ಇದಕ್ಕೆ ತಕ್ಕುದು. ಅದು ಬ್ಯಾಕ್ಟೀರಿಯಾದ ರೋಗ, ಈ ಲಸಿಕೆಗೂ ಅದಕ್ಕೂ ಸಂಬಂಧವಿಲ್ಲ. ಲಸಿಕೆ ಪಡೆದವರಲ್ಲಿ ಸ್ಕ್ರಬ್ ಟೈಫಸ್ ಕೂಡ ಶೇ 40ರಷ್ಟು ಕಡಿಮೆ ಕಂಡರೆ, ಆ ಗುಂಪಿನವರು ಪೊದೆಗೆ ಹೋಗುವುದೇ ಕಡಿಮೆ ಅಥವಾ ಅವರ ಜ್ವರಗಳು ದಾಖಲಾಗುವುದೇ ಕಡಿಮೆ ಎಂದಾಯಿತು. ವ್ಯತ್ಯಾಸ ಕಾಣದಿದ್ದರೆ ಮಂಗನ ಕಾಯಿಲೆಯ ಅಂಕಿಯ ಮೇಲಿನ ನಂಬಿಕೆ ಏರುತ್ತದೆ. ಮೊದಲ ಸೂಜಿಯಾದ ಹತ್ತು ಹನ್ನೆರಡು ದಿನಗಳನ್ನೂ ಹೀಗೆಯೇ ಬಳಸಬಹುದು. ಅಷ್ಟರಲ್ಲಿ ದೇಹ ರಕ್ಷಣೆ ಕಟ್ಟಿಕೊಂಡಿರುವುದಿಲ್ಲ. ಆ ದಿನಗಳಲ್ಲೇ ರಕ್ಷಣೆ ಕಂಡುಬಂದರೆ ಅದು ಲಸಿಕೆಯದಲ್ಲ. ಜ್ವರವಿದ್ದವರನ್ನು ಸೂಜಿ ಕೊಡದೆ ವಾಪಸು ಕಳಿಸಿದ್ದರಿಂದಲೂ ಹಾಗೆ ಕಾಣಬಹುದು.

1990ರ ದಶಕದ ಶೇ 93.5ನ್ನೂ 2005–10ರ ಶೇ 62.4ನ್ನೂ ಅಕ್ಕಪಕ್ಕ ಇಟ್ಟು ಲಸಿಕೆಯ ಸತ್ವ ಇಷ್ಟು ಕುಗ್ಗಿತು ಎಂದು ನೇರವಾಗಿ ಕಳೆಯಲಾಗದೆ ಇರುವುದೂ ಇದೇ ಕಾರಣಕ್ಕೆ. ಸತ್ವ ಕುಗ್ಗಿರಬಹುದು. ಲಸಿಕೆಗೆ ಬರುವ ಜನರ ಬಗೆ, ಊರುಗಳ ಆಯ್ಕೆ, ರೋಗಿಗಳನ್ನು ಹುಡುಕುವ ರೀತಿ, ಎಣಿಕೆಯ ಛೇದ ಇವೂ ಬದಲಾಗಿರಬಹುದು. ಮೊದಲನೆಯದನ್ನು ಪ್ರಯೋಗಾಲಯದ ಸತ್ವಪರೀಕ್ಷೆ ಹೇಳಬೇಕು. ಉಳಿದವನ್ನು ಎರಡೂ ಅಧ್ಯಯನಗಳ ವಿಧಾನದ ಭಾಗವನ್ನು ಸಾಲುಸಾಲಾಗಿ ಓದಿ ತೂಗಬೇಕು. ಎರಡನೆಯ ಅಧ್ಯಯನದ ದಿಕ್ಕಿನ ಬಗ್ಗೆ ಒಂದು ಮಾತನ್ನಂತೂ ಧೈರ್ಯವಾಗಿ ಹೇಳಬಹುದು. ಊರಿನ ಮಟ್ಟದ ಬೆರಕೆ ಲಸಿಕೆಯನ್ನು ಕೆಳಗೆಳೆಯುತ್ತದೆ, ವ್ಯಕ್ತಿಯ ಮಟ್ಟದ ಬೆರಕೆ ಮತ್ತು ಡೋಸ್‌ಗಳ ನಡುವಿನ ಸೋಸುವಿಕೆ ಮೇಲೆತ್ತುತ್ತವೆ. ಎರಡು ಡೋಸ್‌ನ ಅಂಕಿಯಲ್ಲಿ ಇವು ಒಂದನ್ನೊಂದು ಸ್ವಲ್ಪಮಟ್ಟಿಗೆ ತಡೆದಿರಬಹುದು. ಬೂಸ್ಟರಿನ ಅಂಕಿಯಲ್ಲಿ ಮೇಲೆತ್ತುವ ಕಡೆಯೇ ಹೆಚ್ಚು ಭಾರ ಇರುವ ಸಾಧ್ಯತೆಯಿದೆ.

ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಹೊಸದೊಂದರ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಸರೆಯಲ್ಲಿ ನಡೆದಿದೆ. ಅದು ಹಳ್ಳಿಗಳಿಗೆ ಬಂದ ದಿನ ಪ್ರತಿ ಡೋಸ್‌ನ ತಾರೀಖು, ಸೂಜಿಗೆ ಬಂದೂ ಪಡೆಯದೆ ಹೋದವರ ಹೆಸರು ಮತ್ತು ಕಾರಣ, ಊರು ಬಿಟ್ಟವರ ಗುರುತು, ವಾರಕ್ಕೆ ಎಷ್ಟು ಸಲ ಬೆಟ್ಟಕ್ಕೆ ಹೋಗುತ್ತಾರೆ ಎಂಬ ಒಂದು ಪ್ರಶ್ನೆ, ಇಷ್ಟನ್ನು ರಿಜಿಸ್ಟರಿನಲ್ಲಿ ಮೊದಲೇ ಅಂಕಣ ಎಳೆದು ಬರೆದಿಟ್ಟರೆ ಇಲ್ಲಿ ಹೇಳಿದ ಬಹುಪಾಲು ದೋಷಗಳನ್ನು ಆಮೇಲೆ ಅಳೆದು ತೆಗೆಯಬಹುದು. ಋತು ಮುಗಿದ ಮೇಲೆ ನೆನಪಿನಿಂದ ಕೇಳಿ ತುಂಬಿಸಿದರೆ ಅದಾಗದು; ಕಾಯಿಲೆ ಬಿದ್ದು ಎದ್ದವರು ತಾವು ಕಾಡಿಗೆ ಹೋದ ಒಂದೊಂದು ದಿನವನ್ನೂ ನೆನಪಿಟ್ಟಿರುತ್ತಾರೆ, ಬೀಳದವರು ಮರೆತಿರುತ್ತಾರೆ.